ಹಳೆಯ ಎಎಂ4 ಮದರ್‌ಬೋರ್ಡ್ ಉಳಿಸಿಕೊಂಡೇ ಗೇಮಿಂಗ್ ವೇಗ ಹೆಚ್ಚಿಸಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯ ನಮ್ಮ ಕಟ್ಟಡದ ಹುಡುಗರಿಂದ ಹಿಡಿದು ಗೋವಾದ ಮಡಗಾಂವಿನಲ್ಲಿರುವ ನೆಂಟರವರೆಗೆ ಅನೇಕರು ನನ್ನಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉತ್ತರಗಳ ಉದ್ದಕ್ಕೂ ಒಂದೇ ಯಂತ್ರದ ಉದಾಹರಣೆ ಬರುತ್ತದೆ. ಅದು ಪುಣೆಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗನ ಕಂಪ್ಯೂಟರ್. 2018ರಲ್ಲಿ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡದ್ದು. ಬಿ350 ಚಿಪ್‌ಸೆಟ್ಟಿನ ಸಣ್ಣ ಮದರ್‌ಬೋರ್ಡ್, ರೈಜೆನ್ 5 1600 ಪ್ರೊಸೆಸರ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಪಟ್ಟಿ. ಗ್ರಾಫಿಕ್ಸ್ ಕಾರ್ಡನ್ನು ಮಾತ್ರ ಅವನು ನಡುವೆ ಬದಲಾಯಿಸಿ ಆರ್‌ಎಕ್ಸ್ 6600 ಹಾಕಿಸಿಕೊಂಡಿದ್ದ.

ಸಾಕೆಟ್ ಒಂದೇ ಆಗಿದ್ದರೆ ಹೊಸ ಪ್ರೊಸೆಸರ್ ಕೆಲಸ ಮಾಡಲೇಬೇಕಲ್ಲವೇ?

ಮಾಡಲೇಬೇಕೆಂದಿಲ್ಲ. ಪ್ರೊಸೆಸರ್ ಆ ಗುಂಡಿಯಲ್ಲಿ ಕೂರುತ್ತದೆಯೇ ಎಂಬುದನ್ನಷ್ಟೇ ಸಾಕೆಟ್ ಹೇಳುತ್ತದೆ. ಕೂತ ಮೇಲೆ ಯಂತ್ರ ಎಚ್ಚರಗೊಳ್ಳುತ್ತದೆಯೇ ಎಂಬುದನ್ನು ನಿರ್ಧರಿಸುವುದು ಆ ಬೋರ್ಡಿನೊಳಗಿನ ಆರಂಭಿಕ ತಂತ್ರಾಂಶವಾದ ಬಯಾಸ್. ಎಚ್ಚರಗೊಂಡದ್ದು ಗಂಟೆಗಟ್ಟಲೆ ಅದೇ ವೇಗದಲ್ಲಿ ಓಡುತ್ತದೆಯೇ ಎಂಬುದನ್ನು ನಿರ್ಧರಿಸುವುದು ಪ್ರೊಸೆಸರಿಗೆ ವಿದ್ಯುತ್ ಹದಮಾಡಿ ಕೊಡುವ ವಿಆರ್‌ಎಂ ಎಂಬ ಭಾಗ. ಅಂಗಡಿಯಲ್ಲಿ ಮೊದಲನೆಯದಕ್ಕೆ ಮಾತ್ರ ಉತ್ತರ ಸಿಗುತ್ತದೆ.

ಎಎಂಡಿ ಕಂಪನಿಯ ಎಎಂ4 ಈ ವಿಷಯದಲ್ಲಿ ಅಪರೂಪದ ಸಾಕೆಟ್. 2017ರ ಮಾರ್ಚಿನಲ್ಲಿ ಮೊದಲ ರೈಜೆನ್ ಬಂದಾಗ ಇದ್ದ 1331 ರಂಧ್ರಗಳ ಅದೇ ಸಾಕೆಟ್ಟಿನಲ್ಲಿ 2020ರ ನವೆಂಬರಿನಲ್ಲಿ ಬಂದ 5000 ಸರಣಿಯೂ ಕೂರುತ್ತದೆ. ಆದರೆ ಎ320, ಬಿ350, ಎಕ್ಸ್370 ಎಂಬ ಮೊದಲ ತಲೆಮಾರಿನ ಚಿಪ್‌ಸೆಟ್‌ಗಳಿಗೆ 5000 ಸರಣಿಯ ಅಧಿಕೃತ ಬೆಂಬಲವನ್ನು ಎಎಂಡಿ ಘೋಷಿಸಿದ್ದು 2022ರಲ್ಲಿ. ಹೀಗಾಗಿ ಹಳೆಯ ಚರ್ಚೆಗಳಲ್ಲಿ ನೀವು ಓದುವ ‘ಬಿ350 ಮೇಲೆ 5600 ಓಡುವುದಿಲ್ಲ’ ಎಂಬ ಮಾತು ಆ ಕಾಲಕ್ಕೆ ನಿಜವಾಗಿತ್ತು, ಈಗ ಬಹುಪಾಲು ಬೋರ್ಡ್‌ಗಳ ಮಟ್ಟಿಗೆ ನಿಜವಲ್ಲ.

ನನ್ನ ಬೋರ್ಡ್ ಯಾವುದು, ಅದರ ಬಯಾಸ್ ಯಾವುದು ಎಂದು ಪೆಟ್ಟಿಗೆ ಬಿಚ್ಚದೆ ತಿಳಿಯುವುದು ಹೇಗೆ?

ವಿಂಡೋಸಿನಲ್ಲಿ ಪವರ್‌ಶೆಲ್ ತೆರೆದು ಈ ಎರಡು ಸಾಲುಗಳನ್ನು ಒಂದೊಂದಾಗಿ ಕೊಡಿ.

```
Get-CimInstance Win32_BaseBoard | Select-Object Manufacturer, Product, Version
Get-CimInstance Win32_BIOS | Select-Object SMBIOSBIOSVersion, ReleaseDate
```

ಮೊದಲ ಸಾಲು ಬೋರ್ಡಿನ ಪೂರ್ಣ ಹೆಸರನ್ನೂ ಎರಡನೆಯದು ಬಯಾಸಿನ ಆವೃತ್ತಿಯನ್ನೂ ತೋರಿಸುತ್ತವೆ. ಆ ಪೂರ್ಣ ಹೆಸರನ್ನೇ ತಯಾರಕರ ತಾಣದಲ್ಲಿ ಹುಡುಕಿ, ‘CPU Support’ ಎಂಬ ಪಟ್ಟಿಯನ್ನು ತೆರೆಯಬೇಕು. ಪ್ರತಿ ಪ್ರೊಸೆಸರಿನ ಎದುರು ಅದಕ್ಕೆ ಬೇಕಾದ ಕನಿಷ್ಠ ಬಯಾಸ್ ಆವೃತ್ತಿ ಬರೆದಿರುತ್ತದೆ. ಅಕ್ಷರವೊಂದು ಬೇರೆಯಾದರೂ ಬೋರ್ಡ್ ಬೇರೆಯೇ ಎಂದು ತಿಳಿಯಿರಿ. ಕೆಲವು ತಯಾರಕರು ಒಂದೇ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ‘rev’ಗಳನ್ನು ಮಾರಿದ್ದಾರೆ, ಆ ಸಂಖ್ಯೆ ಬೋರ್ಡಿನ ಮೂಲೆಯಲ್ಲಿ ಅಚ್ಚಾಗಿರುತ್ತದೆ. ನೀವು ಕೊಳ್ಳಬೇಕೆಂದಿರುವ ಪ್ರೊಸೆಸರ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಸಿದ್ಧ ಕಂಪ್ಯೂಟರುಗಳಲ್ಲಿ ಕಂಪನಿಯೇ ಕೂಡಿಸಿಕೊಟ್ಟ ಬೋರ್ಡ್‌ಗಳಿಗೆ ಹಲವು ಬಾರಿ ಇಂಥ ಬಯಾಸ್ ಬರುವುದೇ ಇಲ್ಲ.

ಆಟ ತಡವರಿಸುವುದಕ್ಕೆ ಪ್ರೊಸೆಸರೇ ಕಾರಣ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ದುಡ್ಡು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ನೀವು ಹೆಚ್ಚು ಆಡುವ ಆಟದಲ್ಲಿ ಜನಸಂದಣಿಯ ಒಂದು ಜಾಗವನ್ನು ಆರಿಸಿಕೊಂಡು, ಚಿತ್ರದ ಗುಣಮಟ್ಟವನ್ನು ಮೇಲಿನ ಹಂತದಲ್ಲಿಟ್ಟು ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತದೆಂದು ಗುರುತು ಹಾಕಿಕೊಳ್ಳಿ. ಆಮೇಲೆ ಗುಣಮಟ್ಟವನ್ನೂ ರೆಸಲ್ಯೂಷನ್ನನ್ನೂ ಕೆಳಗಿಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ಫ್ರೇಮ್‌ಗಳು ಚೆನ್ನಾಗಿ ಏರಿದರೆ ಅಡ್ಡಿಯಾಗಿದ್ದದ್ದು ಗ್ರಾಫಿಕ್ಸ್ ಕಾರ್ಡ್. ಏರದೆ ಇದ್ದಲ್ಲೇ ನಿಂತರೆ ಅಡ್ಡಿ ಪ್ರೊಸೆಸರಿನದು ಅಥವಾ ರ‍್ಯಾಮಿನದು.

ನಮ್ಮ ಹುಡುಗನ ಯಂತ್ರದಲ್ಲಿ ಮೇಲಿನ ಹಂತದಲ್ಲಿ 76 ಇದ್ದದ್ದು ಕೆಳಗಿನ ಹಂತದಲ್ಲಿ 80 ಆಯಿತು, ಅಷ್ಟೇ. ಗ್ರಾಫಿಕ್ಸ್ ಕಾರ್ಡ್ ಶೇಕಡಾ 60ರ ಆಸುಪಾಸಿನಲ್ಲಿ ಆಕಳಿಸುತ್ತ ಕೂತಿತ್ತು. ಇಲ್ಲಿ ಅನೇಕರು ದಾರಿ ತಪ್ಪುವುದು ಟಾಸ್ಕ್ ಮ್ಯಾನೇಜರ್ ನೋಡಿ: ಪ್ರೊಸೆಸರ್ ಬಳಕೆ ಶೇಕಡಾ 45 ಎಂದು ತೋರಿಸುತ್ತಿರುವಾಗ ಅದೇ ಅಡ್ಡಿ ಎಂದು ಹೇಗೆ ನಂಬುವುದು? ಆ ಅಂಕಿ ಹನ್ನೆರಡು ಥ್ರೆಡ್‌ಗಳ ಸರಾಸರಿ. ಆಟದ ಮುಖ್ಯ ಕೆಲಸ ಒಂದೆರಡು ಥ್ರೆಡ್‌ಗಳ ಹೆಗಲ ಮೇಲೆಯೇ ಇರುತ್ತದೆ. ಅವು ದಣಿದು ನಿಂತಾಗ ಉಳಿದ ಹತ್ತು ಸುಮ್ಮನೆ ಕಾಯುತ್ತವೆ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ನಿಮ್ಮ ಮಾನಿಟರ್ 60 ಹರ್ಟ್ಸ್‌ನದ್ದಾಗಿದ್ದು, ಆಟ ಈಗಾಗಲೇ 60ರ ಮೇಲೆ ಏರಿಳಿತವಿಲ್ಲದೆ ಓಡುತ್ತಿದ್ದರೆ, ಪ್ರೊಸೆಸರ್ ಬದಲಾಯಿಸಿ ಕಣ್ಣಿಗೆ ಕಾಣುವ ಲಾಭ ಬಹಳ ಕಡಿಮೆ.

1600ಕ್ಕೂ ಆರು ಕೋರ್, 5600ಕ್ಕೂ ಆರು ಕೋರ್. ಹಾಗಿದ್ದರೆ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಕೋರ್‌ಗಳ ಲೆಕ್ಕಕ್ಕಿಂತ ಅವುಗಳ ಜೋಡಣೆ ಮುಖ್ಯ. ರೈಜೆನ್ 5 1600ರಲ್ಲಿ ಆರು ಕೋರ್‌ಗಳು ಒಂದೇ ಮನೆಯಲ್ಲಿಲ್ಲ. ಮೂರು ಮೂರರಂತೆ ಎರಡು ಗುಂಪುಗಳಾಗಿ, ಪ್ರತಿ ಗುಂಪಿಗೆ ಎಲ್3 ಕ್ಯಾಶ್ ಎಂಬ ವೇಗದ ಮೆಮೊರಿಯನ್ನು 8 ಎಂಬಿಯಷ್ಟು ಇಟ್ಟುಕೊಂಡು ಬೇರೆ ಬೇರೆ ಬಾಳುತ್ತವೆ. ಒಂದು ಗುಂಪಿನ ಕೋರ್‌ಗೆ ಇನ್ನೊಂದು ಗುಂಪಿನಲ್ಲಿರುವ ಮಾಹಿತಿ ಬೇಕಾದಾಗ ಅದು ನಡುವಿನ ಸಂಪರ್ಕಜಾಲವನ್ನು ದಾಟಿ ಬರಬೇಕು, ಮತ್ತು ಆ ಜಾಲದ ವೇಗ ರ‍್ಯಾಮಿನ ವೇಗಕ್ಕೆ ಕಟ್ಟಿಹಾಕಿಕೊಂಡಿದೆ. ಆಟವೊಂದು ಪ್ರತಿ ಫ್ರೇಮಿಗೂ ಇಂಥ ಓಡಾಟವನ್ನು ಲೆಕ್ಕವಿಲ್ಲದಷ್ಟು ಬಾರಿ ಮಾಡುವುದರಿಂದ ಪ್ರತಿ ಬಾರಿಯ ಅಲ್ಪ ವಿಳಂಬವೇ ಸೇರಿಕೊಂಡು ತಡವರಿಕೆಯಾಗಿ ಕಾಣಿಸುತ್ತದೆ.

5600ರಲ್ಲಿ ಆರೂ ಕೋರ್‌ಗಳು ಒಂದೇ ಗುಂಪಿನಲ್ಲಿದ್ದು 32 ಎಂಬಿ ಕ್ಯಾಶನ್ನು ಹಂಚಿಕೊಳ್ಳುತ್ತವೆ. ಅದರ ಮೇಲೆ ಗಡಿಯಾರದ ವೇಗವೂ ಹೆಚ್ಚು, ಒಂದು ಸುತ್ತಿನಲ್ಲಿ ಮಾಡುವ ಕೆಲಸವೂ ಹೆಚ್ಚು. ಇನ್ನೊಂದು ಲಾಭವನ್ನು ಯಾರೂ ಎಣಿಸುವುದಿಲ್ಲ: ರ‍್ಯಾಮನ್ನು ನಿಯಂತ್ರಿಸುವ ಭಾಗ ಇರುವುದು ಚಿಪ್‌ಸೆಟ್ಟಿನಲ್ಲಲ್ಲ, ಪ್ರೊಸೆಸರಿನೊಳಗೆ. ಅಧಿಕೃತವಾಗಿ 2666ಕ್ಕೆ ನಿಲ್ಲುತ್ತಿದ್ದ ಮೊದಲ ರೈಜೆನ್ ಹೋಗಿ 5600 ಬಂದಾಗ ಅದೇ ಹಳೆಯ ಬೋರ್ಡಿನಲ್ಲಿ 3200ರ ರ‍್ಯಾಮ್ ಸಾಮಾನ್ಯವಾಗಿ ತಕರಾರಿಲ್ಲದೆ ಓಡುತ್ತದೆ.

ಹುಡುಗನ ಯಂತ್ರದಲ್ಲಿ ರ‍್ಯಾಮ್ ಒಂದೇ ಪಟ್ಟಿ, ಅದೂ 2400ರದ್ದು. ಪ್ರೊಸೆಸರ್ ಮಾತ್ರ ಬದಲಾಯಿಸಿ ಅದನ್ನು ಹಾಗೇ ಬಿಟ್ಟಿದ್ದರೆ ಅರ್ಧ ಲಾಭ ಅಲ್ಲೇ ಸೋರಿಹೋಗುತ್ತಿತ್ತು. 5600ರ ಜೊತೆಗೆ 8 ಜಿಬಿಯ 3200ರ ಎರಡು ಪಟ್ಟಿಗಳನ್ನೂ ಹಾಕಿಸಿದೆವು. ಅದೇ ಆಟ, ಅದೇ ಜಾಗ: 76 ಇದ್ದದ್ದು 118 ಆಯಿತು, ಗ್ರಾಫಿಕ್ಸ್ ಕಾರ್ಡ್ ಶೇಕಡಾ 95ರ ಮೇಲೆ ದುಡಿಯತೊಡಗಿತು. ಅವನಿಗೆ ಹೆಚ್ಚು ಖುಷಿಯಾದದ್ದು ಆ ಅಂಕಿಯಿಂದಲ್ಲ, ತಿರುವಿನಲ್ಲಿ ಗಕ್ಕನೆ ನಿಲ್ಲುತ್ತಿದ್ದ ಚಿತ್ರ ನಿಲ್ಲದೆ ಹೋದದ್ದರಿಂದ.

5000 ಸರಣಿಯಲ್ಲಿ ಯಾವುದನ್ನು ಕೊಳ್ಳಬೇಕು? 5600, 5600ಜಿ, 5500 ಎಲ್ಲವೂ ಒಂದೇ ಅಲ್ಲವೇ?

ಅಲ್ಲ, ಮತ್ತು ಲ್ಯಾಮಿಂಗ್ಟನ್ ರಸ್ತೆಯಲ್ಲಿ ನಡೆಯುವ ಗೊಂದಲಗಳಲ್ಲಿ ಇದೇ ದೊಡ್ಡದು. 5500 ಮತ್ತು 5600ಜಿ ಎರಡರಲ್ಲೂ ಎಲ್3 ಕ್ಯಾಶ್ 16 ಎಂಬಿ ಮಾತ್ರ, ಅಂದರೆ 5600ರ ಅರ್ಧ. ‘ಜಿ ಇದ್ದದ್ದು ಹೆಚ್ಚಿನದು’ ಎಂದು ಅಂಗಡಿಯ ಹುಡುಗ ಹೇಳಿದರೆ, ಅದರೊಳಗೆ ಗ್ರಾಫಿಕ್ಸ್ ಇದೆ ಎಂಬರ್ಥದಲ್ಲಿ ಅದು ಸರಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಅದು ಕಡಿಮೆಯದೇ. ಹಣ ತೀರಾ ಬಿಗಿಯಾಗಿದ್ದರೆ 5500 ಕೂಡ 1600ಕ್ಕಿಂತ ಎಷ್ಟೋ ಮೇಲು, ಆದರೆ ಬೆಲೆಯ ಅಂತರ ಸಣ್ಣದಾಗಿದ್ದಾಗ 5600 ಬಿಡಬೇಡಿ.

ಗೇಮಿಂಗಿಗೆ ಈ ಸಾಕೆಟ್ಟಿನ ತುತ್ತತುದಿ 96 ಎಂಬಿ ಕ್ಯಾಶಿನ 5800ಎಕ್ಸ್3ಡಿ ಮತ್ತು 5700ಎಕ್ಸ್3ಡಿ. ಇವುಗಳೊಂದಿಗೆ ಕೂಲರ್ ಬರುವುದಿಲ್ಲ, ಹೊಸದಾಗಿ ಸಿಗುವುದೂ ಈಗ ಕಷ್ಟ. ಬಾಕ್ಸಿನಲ್ಲಿ ಬರುವ ಪ್ರೊಸೆಸರಿಗೆ ಎಎಂಡಿಯ ಮೂರು ವರ್ಷಗಳ ವಾರಂಟಿ ಇರುತ್ತದೆ. ಬಾಕ್ಸಿಲ್ಲದೆ ‘ಟ್ರೇ’ ಎಂದು ಮಾರುವುದಕ್ಕೆ ಅಂಗಡಿಯವನ ಮಾತೇ ವಾರಂಟಿ. ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಅಗ್ಗದ ಹಳೆಯ ಬೋರ್ಡ್ ಹೊಸ ಪ್ರೊಸೆಸರಿನ ಭಾರವನ್ನು ತಾಳುತ್ತದೆಯೇ?

5600 ಮಟ್ಟಿಗೆ ಉತ್ತರ ಸುಲಭ. 1600ರಂತೆ ಅದೂ 65 ವಾಟ್ ಶ್ರೇಣಿಯದು, ಆದ್ದರಿಂದ ಇಷ್ಟು ವರ್ಷ 1600ನ್ನು ಸಾಕಿದ ಬೋರ್ಡಿಗೂ ಎಸ್‌ಎಂಪಿಎಸ್‌ಗೂ ಅದು ಹೊಸ ಹೊರೆಯಲ್ಲ. 105 ವಾಟ್ ಶ್ರೇಣಿಯವುಗಳಿಗೆ ಬೋರ್ಡ್ 142 ವಾಟ್‌ಗಳವರೆಗೆ ಒದಗಿಸಲು ಸಿದ್ಧವಿರಬೇಕು. ಸಾಕೆಟ್ಟಿನ ಪಕ್ಕದ ಸಣ್ಣ ಕಪ್ಪು ಚೌಕಗಳ ಮೇಲೆ ಲೋಹದ ಹೊದಿಕೆಯೇ ಇಲ್ಲದ ಎ320 ಬೋರ್ಡಿನಲ್ಲಿ ಅಂಥದ್ದನ್ನು ಕೂರಿಸಿ ದಿನವಿಡೀ ದುಡಿಸುವುದು ವಿವೇಕವಲ್ಲ. ಎಕ್ಸ್3ಡಿ ಪ್ರೊಸೆಸರ್‌ಗಳು ಆಟ ಆಡುವಾಗ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ ಎಂಬುದು ನಿಜ, ಆದರೆ ವಿಡಿಯೋ ರೆಂಡರ್ ಮಾಡಲು ಕೂತ ದಿನ ಲೆಕ್ಕ ಬೇರೆಯಾಗುತ್ತದೆ.

ತಾಳುತ್ತಿಲ್ಲ ಎಂಬುದನ್ನು ಹೀಗೆ ಗುರುತಿಸಬಹುದು. ಸಿನೆಬೆಂಚ್ ಎಂಬ ಪರೀಕ್ಷಾ ತಂತ್ರಾಂಶವನ್ನು ಎಲ್ಲ ಕೋರ್‌ಗಳ ಮೇಲೆ ಹದಿನೈದು ಇಪ್ಪತ್ತು ನಿಮಿಷ ಓಡಿಸಿ, HWiNFO64ನಲ್ಲಿ ಗಡಿಯಾರದ ವೇಗವನ್ನೂ ವಿಆರ್‌ಎಂ ಉಷ್ಣತೆಯನ್ನೂ ನೋಡುತ್ತಿರಿ. ಪ್ರೊಸೆಸರ್ ಇನ್ನೂ ತಣ್ಣಗಿದ್ದಾಗಲೇ ವೇಗ ಒಮ್ಮೆಲೇ ಕುಸಿದು, ಕೆಲ ಕ್ಷಣಗಳ ಬಳಿಕ ಮೇಲೆದ್ದು, ಮತ್ತೆ ಕುಸಿಯುತ್ತಿದ್ದರೆ ವಿಆರ್‌ಎಂ ಕಾದು ಕೈಚೆಲ್ಲುತ್ತಿದೆ ಎಂದರ್ಥ. ಈ ಪರೀಕ್ಷೆಯನ್ನು ಜನವರಿಯ ಪುಣೆಯಲ್ಲಿ ಮಾಡಿ ನೆಮ್ಮದಿಪಡಬೇಡಿ. ಮೇ ತಿಂಗಳ ಮಧ್ಯಾಹ್ನ, ಫ್ಯಾನ್ ಕೆಳಗೆ ಕೂತರೂ ಬೆವರುವ ಮುಂಬಯಿಯ ಕೋಣೆಯಲ್ಲಿ ಮಾಡಿ. ಕುಸಿತ ಕಂಡರೆ ಆ ಭಾಗದ ಕಡೆಗೆ ಗಾಳಿ ಬೀಸುವಂತೆ ಒಂದು ಸಣ್ಣ ಫ್ಯಾನ್ ಕಟ್ಟಿದರೂ ಸಾಕಷ್ಟು ಇಳಿಯುತ್ತದೆ, ಅಥವಾ ಬಯಾಸಿನಲ್ಲಿ PPT ಎಂಬ ಪ್ರೊಸೆಸರಿನ ವಿದ್ಯುತ್ ಮಿತಿಯನ್ನು ತಗ್ಗಿಸಬಹುದು.

ಬಯಾಸ್ ಅಪ್‌ಡೇಟ್ ಯಾವಾಗ, ಹೇಗೆ ಮಾಡಬೇಕು?

ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ ಮಾಡಬೇಕು. ಹೊಸದನ್ನು ಕೂರಿಸಿದ ಮೇಲೆ ಪರದೆಯೇ ಬೆಳಗದಿರುವುದರಿಂದ ಅಪ್‌ಡೇಟ್ ಮಾಡಲು ಬಹುಪಾಲು ಬೋರ್ಡ್‌ಗಳಲ್ಲಿ ದಾರಿ ಉಳಿಯುವುದಿಲ್ಲ. ಹಳೆಯದನ್ನು ಮೊದಲೇ ಮಾರಿಬಿಟ್ಟು ಆಮೇಲೆ ಪ್ರೊಸೆಸರನ್ನು ಎರವಲು ಕೇಳಲು ಬಂದವರನ್ನು ನಾನು ಕಂಡಿದ್ದೇನೆ.

ತಯಾರಕರ ತಾಣದಿಂದ ನಿಮ್ಮದೇ ಬೋರ್ಡಿನ ಫೈಲನ್ನು ಇಳಿಸಿಕೊಂಡು, FAT32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ ಹಾಕಿ, ಬಯಾಸಿನೊಳಗೇ ಇರುವ ಅಪ್‌ಡೇಟ್ ಸೌಲಭ್ಯದಿಂದ ಕೆಲಸ ಮುಗಿಸಿ. ವಿಂಡೋಸಿನೊಳಗಿಂದ ಮಾಡುವ ತಂತ್ರಾಂಶಗಳನ್ನು ನಾನು ಬಳಸುವುದಿಲ್ಲ. 2018ರ ಬಯಾಸಿನಿಂದ ನೇರವಾಗಿ ಇತ್ತೀಚಿನದಕ್ಕೆ ಹಾರಲು ಕೆಲವು ಬೋರ್ಡ್‌ಗಳು ಬಿಡುವುದಿಲ್ಲ, ನಡುವಿನ ಒಂದು ಆವೃತ್ತಿಯನ್ನು ಮೊದಲು ಹಾಕಿಸಿಕೊಳ್ಳುತ್ತವೆ. ಆ ಸೂಚನೆ ಡೌನ್‌ಲೋಡ್ ಪುಟದಲ್ಲೇ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಹುಡುಗನ ಬೋರ್ಡ್ ಅಂಥದ್ದೇ ಆಗಿತ್ತು. ಎರಡು ಮೆಟ್ಟಿಲುಗಳಲ್ಲಿ ಏರಿದೆವು. ಆಯ್ಕೆಯಿದ್ದಾಗ ಬಯಾಸಿನೊಳಗಿನ ಎಎಂಡಿಯ ಮೂಲ ತಂತ್ರಾಂಶವಾದ AGESA 1.2.0.7 ಅಥವಾ ಅದರ ನಂತರದ್ದನ್ನು ಆರಿಸಿ, ಏಕೆಂದರೆ ಭದ್ರತಾ ಕೀಲಿಗಳನ್ನು ಕಾಯುವ ಎಫ್‌ಟಿಪಿಎಂ ಕಾರಣದಿಂದ ಆಟ ಆಗಾಗ ತಡವರಿಸುತ್ತಿದ್ದ ದೋಷವನ್ನು ಎಎಂಡಿ ಸರಿಪಡಿಸಿದ್ದು ಅದರಲ್ಲಿ.

ಇಲ್ಲಿ ಇನ್ನೊಂದು ಮಿತಿಯಿದೆ. ಹಳೆಯ ಬೋರ್ಡ್‌ಗಳ ಬಯಾಸ್ ಚಿಪ್ 16 ಎಂಬಿಯದು. ಹೊಸ ಪ್ರೊಸೆಸರ್‌ಗಳ ಮಾಹಿತಿಗೆ ಜಾಗ ಮಾಡಲು ತಯಾರಕರು ಕೆಲವು ಹಳೆಯವುಗಳ ಬೆಂಬಲವನ್ನು ತೆಗೆದುಹಾಕಿದ್ದಾರೆ. ವಿಶೇಷವಾಗಿ ರೈಜೆನ್‌ಗಿಂತ ಮೊದಲಿನ ಎ ಸರಣಿಯ ಪ್ರೊಸೆಸರ್ ಇರುವವರು, ಅಪ್‌ಡೇಟ್ ಆದ ಬಳಿಕ ಅದು ಮತ್ತೆ ಏಳದಿರಬಹುದು ಎಂಬುದನ್ನು ತಿಳಿದೇ ಮುಂದುವರಿಯಬೇಕು. ಮಳೆಗಾಲದಲ್ಲಿ ಕರೆಂಟ್ ಆಟವಾಡುವ ಸಂಜೆ ಈ ಕೆಲಸಕ್ಕೆ ಕೈಹಾಕಬೇಡಿ. ಯುಪಿಎಸ್ ಇಲ್ಲದಿದ್ದರೆ ನೆರೆಮನೆಯವರದ್ದನ್ನು ಒಂದು ಗಂಟೆಗೆ ತಂದುಕೊಳ್ಳಿ.

ಪ್ರೊಸೆಸರ್ ಬದಲಾಯಿಸುವಾಗ ಏನು ತಪ್ಪುತ್ತದೆ?

ಎಎಂ4ರಲ್ಲಿ ಪಿನ್‌ಗಳು ಪ್ರೊಸೆಸರಿನ ಕೆಳಗಿವೆ, ಸಾಕೆಟ್ ಅವುಗಳನ್ನು ಸಡಿಲವಾಗಿಯೇ ಹಿಡಿದಿರುತ್ತದೆ. ವರ್ಷಗಳಿಂದ ಒಣಗಿದ ಪೇಸ್ಟ್ ಅಂಟಿನಂತಾಗಿ, ಕೂಲರನ್ನು ನೇರವಾಗಿ ಮೇಲೆತ್ತಿದಾಗ ಪ್ರೊಸೆಸರೂ ಅದರೊಂದಿಗೇ ಕಿತ್ತು ಬರುತ್ತದೆ. ನಮಗೂ ಹಾಗೇ ಆಯಿತು, ಮತ್ತು ತಪ್ಪು ನನ್ನದೇ: ಯಂತ್ರವನ್ನು ಹತ್ತು ನಿಮಿಷ ಓಡಿಸಿ ಬಿಸಿಮಾಡಿ, ಆರಿಸಿದ ಕೂಡಲೆ ಕೂಲರನ್ನು ಎಡಬಲಕ್ಕೆ ಮೆಲ್ಲನೆ ತಿರುಗಿಸಿ ಬಿಡಿಸಬೇಕೆಂದು ಗೊತ್ತಿದ್ದೂ ಅವಸರ ಮಾಡಿದೆ. ಎರಡು ಪಿನ್‌ಗಳು ಬಾಗಿದವು. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ತುದಿಯನ್ನು ಪಿನ್ನಿಗೆ ತೊಡಿಸಿ, ಕೂದಲೆಳೆಯಷ್ಟೇ ಒತ್ತುತ್ತ ನೆಟ್ಟಗೆ ಮಾಡಿದೆವು. ಹಳೆಯ ಪ್ರೊಸೆಸರ್ ಬದುಕಿತು.

ಬಿಚ್ಚುವ ಮೊದಲು ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದೆಯೇ ಎಂದು ನೋಡಲು, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪವರ್‌ಶೆಲ್‌ನಲ್ಲಿ ಇದನ್ನು ಕೊಡಿ.

```
manage-bde -status C:
```

ಬೀಗವಿದ್ದರೆ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ. ಹೊಸ ಪ್ರೊಸೆಸರ್ ಕೂತ ಮೇಲೆ ಮೊದಲ ಬಾರಿ ‘New CPU installed’ ಎಂದು ಆರಂಭವಾಗಿ fTPM ಅಳಿಸಲು Y ಅಥವಾ N ಕೇಳುವ ಸಂದೇಶ ಬರಬಹುದು. ಕೀ ಕೈಯಲ್ಲಿದ್ದರೆ ಮಾತ್ರ Y ಒತ್ತಿ.

ಹೊಸ ಪ್ರೊಸೆಸರ್ ಹಾಕಿದೆ, ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿದೆ. ಈಗೇನು?

ಮೊದಲು ಎರಡು ಮೂರು ನಿಮಿಷ ಕಾಯಿರಿ. ರ‍್ಯಾಮಿನೊಂದಿಗೆ ಹೊಂದಿಕೊಳ್ಳಲು ಯಂತ್ರ ತಾನಾಗಿಯೇ ಕೆಲವು ಬಾರಿ ಆರಿ ಹೊತ್ತಿಕೊಳ್ಳುತ್ತದೆ. ಆಮೇಲೂ ಬರದಿದ್ದರೆ ವಿದ್ಯುತ್ ತೆಗೆದು, ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಐದು ನಿಮಿಷ ಹೊರಗಿಟ್ಟು, ಒಂದೇ ರ‍್ಯಾಮ್ ಪಟ್ಟಿಯೊಂದಿಗೆ ಪ್ರಯತ್ನಿಸಿ. ಅದೂ ಫಲಿಸದಿದ್ದರೆ ಹಳೆಯ ಪ್ರೊಸೆಸರನ್ನು ಮರಳಿ ಹಾಕಿ ಬಯಾಸ್ ಆವೃತ್ತಿಯನ್ನು ಓದಿನೋಡಿ. ಅಪ್‌ಡೇಟ್ ಆಯಿತೆಂದು ನಾವು ನಂಬಿದ್ದು ನಡುವಿನ ಮೆಟ್ಟಿಲಲ್ಲೇ ನಿಂತಿರುವುದುಂಟು.

ಹಳೆಯ ಚಿಪ್‌ಸೆಟ್ಟಿನಲ್ಲಿ ಪಿಸಿಐಇ 3.0 ಮಾತ್ರ ಇದೆ. ಗ್ರಾಫಿಕ್ಸ್ ಕಾರ್ಡಿಗೆ ನಷ್ಟವೇ?

ಬೋರ್ಡಿನೊಂದಿಗೆ ಮಾಹಿತಿ ಸಾಗಿಸುವ ಲೇನ್‌ಗಳು ಹದಿನಾರಿರುವ ಕಾರ್ಡಿಗೆ ನಷ್ಟ ಗಮನಕ್ಕೆ ಬಾರದಷ್ಟು. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060ರಂಥ ಎಂಟು ಲೇನ್‌ಗಳ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಅಲ್ಪ. ಆಟ ಕಾರ್ಡಿನ ಮೆಮೊರಿಯನ್ನು ತುಂಬಿ ತುಳುಕಿಸಿದಾಗ ಮಾತ್ರ ಹೆಚ್ಚುತ್ತದೆ. ನಾಲ್ಕೇ ಲೇನ್‌ಗಳ ಆರ್‌ಎಕ್ಸ್ 6500 ಎಕ್ಸ್‌ಟಿ ಮಾತ್ರ ಇಂಥ ಬೋರ್ಡಿಗೆ ತಕ್ಕದ್ದಲ್ಲ.

ನನ್ನದು ಇಂಟೆಲ್ ಬೋರ್ಡ್. ಇದೇ ಮಾತು ಅನ್ವಯಿಸುತ್ತದೆಯೇ?

ಬಹುಪಾಲು ಇಲ್ಲ. ಎಲ್‌ಜಿಎ 1151 ಎಂಬ ಹೆಸರು ಎರಡು ತಲೆಮಾರುಗಳಿಗೆ ಇದ್ದರೂ ಎಚ್110, ಬಿ250ರಂಥ 100 ಮತ್ತು 200 ಸರಣಿಯ ಚಿಪ್‌ಸೆಟ್‌ಗಳು 6 ಮತ್ತು 7ನೇ ತಲೆಮಾರಿಗೆ ನಿಲ್ಲುತ್ತವೆ. ಅಲ್ಲಿಯ ತುದಿ ನಾಲ್ಕು ಕೋರ್‌ಗಳ ಐ7 7700ಕೆ. 8 ಮತ್ತು 9ನೇ ತಲೆಮಾರಿಗೆ 300 ಸರಣಿಯ ಚಿಪ್‌ಸೆಟ್ಟೇ ಬೇಕು. ಬಳಸಿದ ಐ7ಗೆ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಕೇಳುವ ಬೆಲೆ ಅದರ ಯೋಗ್ಯತೆಗಿಂತ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಆದ್ದರಿಂದ ನಾನು ಅದನ್ನು ಯಾರಿಗೂ ಸೂಚಿಸುವುದಿಲ್ಲ. ಎಲ್‌ಜಿಎ 1700 ಬೋರ್ಡಿನಲ್ಲಿ ಐ3 12100 ಇಟ್ಟುಕೊಂಡವರ ಸ್ಥಿತಿ ಮಾತ್ರ ಚೆನ್ನಾಗಿದೆ. ಬಯಾಸ್ ಅಪ್‌ಡೇಟ್ ಮಾಡಿ 14ನೇ ತಲೆಮಾರಿನವರೆಗೆ ಹೋಗಬಹುದು.

ಬೋರ್ಡನ್ನೇ ಬದಲಾಯಿಸುವುದು ಯಾವಾಗ ಸರಿ?

ಬೋರ್ಡಿನ ಆರೋಗ್ಯ ಕೆಟ್ಟಿದ್ದರೆ. ಗೋವಾ ಮತ್ತು ಮುಂಬಯಿಯ ಕಡಲ ಹವೆಯಲ್ಲಿ ಆರೇಳು ವರ್ಷ ಕಳೆದ ಬೋರ್ಡ್‌ಗಳಲ್ಲಿ ಹಿಂಬದಿಯ ಪೋರ್ಟ್‌ಗಳ ಸುತ್ತ ತುಕ್ಕು, ಬೆಸುಗೆಯ ಚುಕ್ಕೆಗಳ ಮೇಲೆ ಹಸಿರು ಪುಡಿ ಕಾಣಿಸುವುದು ಸಾಮಾನ್ಯ. ಮಡಗಾಂವಿನ ನೆಂಟರೊಬ್ಬರ ಬಿ450 ಬೋರ್ಡ್ ಕಾಗದದ ಮೇಲೆ ಎಲ್ಲ ರೀತಿಯಿಂದ ಯೋಗ್ಯವಾಗಿತ್ತು, ಆದರೆ ಟಾರ್ಚ್ ಬಿಟ್ಟು ನೋಡಿದರೆ ಎರಡನೆಯ ರ‍್ಯಾಮ್ ಸ್ಲಾಟಿನ ಬುಡ ಪೂರ್ತಿ ಹಸಿರು. ಅದಕ್ಕೆ ಹೊಸ ಪ್ರೊಸೆಸರ್ ಹಾಕಬೇಡಿ ಎಂದೇ ಹೇಳಿದೆ.

ಉಳಿದಂತೆ ಇದು ಕೂಡುವ ಲೆಕ್ಕ. ಒಂದು ಕಡೆ 5600 ಮತ್ತು ಬೇಕಿದ್ದರೆ ಡಿಡಿಆರ್4 ರ‍್ಯಾಮ್. ಇನ್ನೊಂದು ಕಡೆ ಎಎಂ4ರ ನಂತರದ ಸಾಕೆಟ್ಟಾದ ಎಎಂ5ರ ಪ್ರೊಸೆಸರ್, ಬೋರ್ಡ್, ಡಿಡಿಆರ್5. ಎಎಂ5ರಲ್ಲಿ ಡಿಡಿಆರ್4 ನಡೆಯುವುದಿಲ್ಲವಾದ್ದರಿಂದ ಹಳೆಯ ರ‍್ಯಾಮ್ ಒಯ್ಯುವಂತಿಲ್ಲ, ಮತ್ತು 2025ರ ಕೊನೆಯಿಂದ ರ‍್ಯಾಮಿನ ಬೆಲೆ ಬಹಳ ಏರಿರುವುದರಿಂದ ಎರಡನೆಯ ಮೊತ್ತ ಮೊದಲಿಗಿಂತ ದೊಡ್ಡದಾಗಿದೆ. ಕೊಳ್ಳುವ ವಾರದಲ್ಲೇ ಎರಡು ಅಂಗಡಿಗಳಲ್ಲಿ ಎರಡೂ ಪಟ್ಟಿಗಳಿಗೆ ಬೆಲೆ ಕೇಳಿ. ನಮ್ಮ ಹುಡುಗ ಕೇಳಿದಾಗ ಎರಡನೆಯ ಪಟ್ಟಿ ಮೊದಲನೆಯದರ ಎರಡೂವರೆ ಪಟ್ಟಿನಷ್ಟಾಯಿತು. ಅವನು ಮೊದಲನೆಯದನ್ನೇ ಆರಿಸಿ, ಪಿನ್ ನೆಟ್ಟಗಾದ ಹಳೆಯ 1600ನ್ನೂ ಆ 2400ರ ಪಟ್ಟಿಯನ್ನೂ ಹಾಸ್ಟೆಲ್ಲಿನ ಗೆಳೆಯನಿಗೆ ಮಾರಿದ. ಪಿನ್ ಬಾಗಿದ್ದ ವಿಷಯವನ್ನು ಮುಚ್ಚಿಡದೆ ಹೇಳಿಯೇ ಮಾರಿದ.